ಸಹಾಯ ಕೇಳುವಾಗ ಕೆಲಸ ಚಿಕ್ಕದಾಗಿರಲಿ, ಗಡಿ ಇರಲಿ

ಕಾಲು ಮುರಿದು 6 ವಾರ ಪ್ಲಾಸ್ಟರ್‌ನಲ್ಲಿದ್ದಾಗ ನಾನು ಕಲಿತದ್ದು ಇದು. ನೋವಿಗಿಂತ ಜಾಸ್ತಿ ಕಾಡಿದ್ದು "ಇವರಿಗೆಲ್ಲ ಹೊರೆಯಾದೆ" ಅನ್ನೋ ಯೋಚನೆ. "ಏನಾದರೂ ಬೇಕಾ?" ಅಂತ ಕೇಳಿದವರಿಗೆಲ್ಲ "ಏನೂ ಬೇಡ" ಅಂದೆ. ಆಮೇಲೆ ಒಬ್ಬಳೇ ಸ್ನಾನಕ್ಕೆ ಹೋಗಿ ಜಾರಿ ಬಿದ್ದೆ. ಆಗ ತಂಗಿಗೆ ಕೆಲಸ ದುಪ್ಪಟ್ಟಾಯಿತು!

ಹೊರೆ ಅನ್ನಿಸೋದು ಯಾಕೆ? ಕೇಳುವಾಗ ನಮ್ಮ ಕಣ್ಣಿಗೆ ಬೀಳೋದು ಅವರಿಗಾಗುವ ತೊಂದರೆ ಮಾತ್ರ. ಇಲ್ಲ ಅನ್ನೋದು ಅವರಿಗೂ ಕಷ್ಟ, ಉಪಯೋಗಕ್ಕೆ ಬಂದರೆ ಅವರಿಗೂ ಖುಷಿ ಅನ್ನೋದು ಹೊಳೆಯೋದೇ ಇಲ್ಲ. 2008ರಲ್ಲಿ ಫ್ಲಿನ್ ಮತ್ತು ಲೇಕ್ ಎಂಬ ಸಂಶೋಧಕರು ಅಪರಿಚಿತರ ಬಳಿ ಸಹಾಯ ಕೇಳಿಸಿ ನೋಡಿದರು. ಕೇಳುವವರು ಊಹಿಸಿದ್ದಕ್ಕಿಂತ ತುಂಬಾ ಹೆಚ್ಚು ಜನ ಒಪ್ಪಿದ್ದರು.

"ಸ್ವಲ್ಪ ನೋಡ್ಕೊಳ್ತೀಯಾ?" ಅಂದರೆ ಎಷ್ಟು ಹೊತ್ತು, ಎಷ್ಟು ದಿನ ಅಂತ ಗೊತ್ತಾಗಲ್ಲ. ಭಾರ ಇರೋದೇ ಅಲ್ಲಿ. ನಾನು ತಂಗಿಗೆ ಹೀಗೆ ಕೇಳಿದೆ: "ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅರ್ಧ ಗಂಟೆ ಬರ್ತೀಯಾ? ಸ್ನಾನದ ಹೊತ್ತಿಗೆ ಬಾಗಿಲ ಹೊರಗಿದ್ದರೆ ಸಾಕು. ಪ್ಲಾಸ್ಟರ್ ತೆಗೆಯೋವರೆಗೆ ಮಾತ್ರ. ಆಗದಿದ್ದರೆ ಹೇಳು, ಬೇರೆಯವರನ್ನು ಕೇಳ್ತೀನಿ." ಅವಳು ಶುಕ್ರವಾರ ಆಗಲ್ಲ ಅಂದಳು. ಆ ದಿನಕ್ಕೆ ಗೆಳತಿಯನ್ನು ಕೇಳಿದೆ. ತಂಗಿ ಶುಕ್ರವಾರಕ್ಕೆ "ಇಲ್ಲ" ಅಂದದ್ದರಿಂದಲೇ ಮಂಗಳವಾರದ ಅವಳ "ಹೂಂ" ಅನ್ನು ನಂಬೋಕಾಯಿತು, ಅಲ್ವಾ?

ಸಹಾಯ ಮಾಡೋರು ಬಂದಾಗಲೆಲ್ಲ "ಸಾರಿ, ಸಾರಿ" ಅನ್ನಬೇಡಿ. ಅವರೇ ನಮ್ಮನ್ನು ಸಮಾಧಾನ ಮಾಡೋಕೆ ಕೂರಬೇಕಾಗುತ್ತೆ, ಅದೊಂದು ಹೆಚ್ಚುವರಿ ಕೆಲಸ!

ಆದರೆ "ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದು" ಅಂತ ಅನ್ನಿಸತೊಡಗಿದರೆ ಅದು ಸಂಕೋಚ ಅಲ್ಲ. ಅವತ್ತೇ ಹತ್ತಿರದವರಿಗೂ ಡಾಕ್ಟರಿಗೂ ಬಾಯಿಬಿಟ್ಟು ಹೇಳಿ.