ಅರ್ಧ ಹುಟ್ಟಿದ ದವಡೆ ಹಲ್ಲು: ಶಾಲೆಗಳಲ್ಲಿ ವಾರ್ನಿಶ್, ಸೀಲಂಟ್ ಹಚ್ಚಿದ ನನ್ನ ಅನುಭವ

ಫ್ಲೋರೈಡ್ ಅಂದ ಕೂಡಲೇ ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕಂದುಗಟ್ಟಿದ ಹಲ್ಲುಗಳು ನೆನಪಾಗುತ್ತವೆ. ನಾನು ದಂತವೈದ್ಯನಾಗಿ ಓಡಾಡುವ ದಕ್ಷಿಣ ಕನ್ನಡದ ಒಳನಾಡಿನಲ್ಲಿ ಸಂಗತಿ ತಿರುಗಾಮುರುಗಾ. ಇಲ್ಲಿ ಮಳೆ ಜಾಸ್ತಿ, ನೆಲವೆಲ್ಲ ಮುರಕಲ್ಲು, ತೆರೆದ ಬಾವಿಗಳು ಹೆಚ್ಚು ಆಳವಿಲ್ಲ. ಸುರಿದ ನೀರು ಬಂಡೆಯೊಳಗೆ ವರ್ಷಗಟ್ಟಲೆ ನಿಂತು ಫ್ಲೋರೈಡ್ ಕರಗಿಸಿಕೊಳ್ಳುವಷ್ಟು ಪುರಸೊತ್ತೇ ಇಲ್ಲದೆ ಬಾವಿಗೆ ಇಳಿದು, ಹೊಳೆ ಸೇರಿಬಿಡುತ್ತದೆ. ಕುಡಿಯುವ ನೀರಿಗೆ ನಮ್ಮ ಬಿಐಎಸ್ ಮಾನದಂಡ ಹೇಳುವ ಮೇಲಿನ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5. ಹಲ್ಲಿಗೆ ಒಳ್ಳೆಯದಾಗಬೇಕಾದರೆ ಅರ್ಧ ಮಿಲಿಗ್ರಾಂ ಆದರೂ ಇರಬೇಕು. ನಾವು ಹೋದ ಶಾಲೆಗಳ ಬಾವಿ ನೀರಿನಲ್ಲಿ ಅದೂ ಇರಲಿಲ್ಲ.

ಆದರೂ ನೀರು ಪರೀಕ್ಷೆ ಮಾಡಿಸದೆ ನಾನು ಕೆಲಸ ಶುರು ಮಾಡುವುದಿಲ್ಲ. ಶಾಲೆಯದ್ದು ಬಾವಿ ನೀರಾದರೂ ಮನೆಯಲ್ಲಿ ಕೊಳವೆಬಾವಿ ಇರಬಹುದು. ಹಾಗಾಗಿ ಒಪ್ಪಿಗೆ ಪತ್ರದಲ್ಲೇ ‘ಮನೆಯಲ್ಲಿ ಕುಡಿಯುವುದು ಯಾವ ನೀರು’ ಎಂಬ ಒಂದು ಸಾಲು ಸೇರಿಸಿದ್ದೇವೆ.

ಹಲ್ಲಿನ ಮೇಲೆ ಬಳಿಯುವ ಫ್ಲೋರೈಡ್ ಲೇಪ, ಅಂದರೆ ವಾರ್ನಿಶ್, ಹಚ್ಚುವ ವಿಷಯ ಎತ್ತಿದಾಗ ಮೊದಲು ಅಡ್ಡ ಬಂದವರು ಒಬ್ಬರು ಟೀಚರ್. ಕೊಪ್ಪಳ ಕಡೆ ಕೆಲಸ ಮಾಡಿ ವರ್ಗವಾಗಿ ಬಂದವರು. ‘ಫ್ಲೋರೈಡ್ ತೆಗೆಯೋಕೆ ಅಂತ ಅಲ್ಲಿ ಘಟಕ ಹಾಕ್ತಾರೆ, ನೀವು ಇಲ್ಲಿ ಮಕ್ಕಳ ಬಾಯಿಗೇ ಹಚ್ತೀರಲ್ಲ ಸರ್’ ಅಂದರು. ಪ್ರಶ್ನೆ ಸರಿಯಾದದ್ದೇ. ಎನಾಮೆಲ್ ಒಳಗೊಳಗೇ ರೂಪುಗೊಳ್ಳುವ ವಯಸ್ಸಿನಲ್ಲಿ ದಿನವೂ ಹೊಟ್ಟೆಗೆ ಹೋಗುವ ಫ್ಲೋರೈಡಿನಿಂದ ಹಲ್ಲು ಕಲೆಗಟ್ಟುತ್ತದೆ. ವಾರ್ನಿಶ್ ಹಚ್ಚುವುದು ಆಗಲೇ ಹುಟ್ಟಿದ ಹಲ್ಲಿನ ಮೇಲೆ, ವರ್ಷಕ್ಕೆ ಎರಡೇ ಸಲ. ಐದು ಶೇಕಡಾ ಸೋಡಿಯಂ ಫ್ಲೋರೈಡ್ ವಾರ್ನಿಶ್‌ನ ಒಂದು ಮಿಲಿಲೀಟರಿನಲ್ಲಿ 22.6 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಹಾಲು ಹಲ್ಲು, ಶಾಶ್ವತ ಹಲ್ಲು ಎರಡೂ ಇರುವ ಮಗುವಿಗೆ 0.4 ಮಿಲಿಲೀಟರ್ ಸಾಕು, ಅಂದರೆ ಸುಮಾರು 9 ಮಿಲಿಗ್ರಾಂ. ಅಪಾಯದ ಲೆಕ್ಕ ಶುರುವಾಗುವುದು ಕಿಲೋ ತೂಕಕ್ಕೆ 5 ಮಿಲಿಗ್ರಾಂನಿಂದ. 20 ಕಿಲೋ ಮಗುವಿಗೆ ಅದು 100 ಮಿಲಿಗ್ರಾಂ. ಹಚ್ಚಿದ್ದೆಲ್ಲ ನುಂಗಿದರೂ ಅದರ ಹತ್ತನೇ ಒಂದು ಪಾಲು ದಾಟುವುದಿಲ್ಲ. ಕರಿಹಲಗೆಯ ಮೇಲೆ ಈ ಲೆಕ್ಕ ಬರೆದು ತೋರಿಸಿದ ಮೇಲೆ ಆ ಟೀಚರೇ ಮಿಕ್ಕವರಿಗೆ ವಿವರಿಸತೊಡಗಿದರು.

ವಾರ್ನಿಶ್ ಹಚ್ಚುವುದು ಕಷ್ಟದ ಕೆಲಸವಲ್ಲ. ಹಲ್ಲನ್ನು ಗಾಜ್ ಬಟ್ಟೆಯಿಂದ ಒರೆಸಿ, ಸಣ್ಣ ಬ್ರಷ್‌ನಲ್ಲಿ ತೆಳುವಾಗಿ ಬಳಿದರೆ ಆಯಿತು. ಜೊಲ್ಲು ತಾಗಿದರೆ ಅದು ಇನ್ನೂ ಬೇಗ ಗಟ್ಟಿಯಾಗುತ್ತದೆ. ಆದರೆ ಪೊಟ್ಟಣ ಒಡೆದ ಮೇಲೆ ಬ್ರಷ್‌ನಿಂದ ಚೆನ್ನಾಗಿ ಕಲಕಲೇಬೇಕು. ಫ್ಲೋರೈಡ್ ಪುಡಿ ತಳದಲ್ಲಿ ಕೂತಿರುತ್ತದೆ, ಕಲಕದಿದ್ದರೆ ಮಗುವಿನ ಹಲ್ಲಿಗೆ ಬರೀ ಅಂಟು ಹೋಗುತ್ತದೆ. ಆ ಅಂಟಿನಲ್ಲಿ ರಾಳ ಇರುವುದರಿಂದ, ರಾಳದ ಅಲರ್ಜಿ ಇರುವ ಮಕ್ಕಳಿಗೂ ಆಸ್ತಮಾ ಜೋರಾಗಿ ಆಸ್ಪತ್ರೆ ಸೇರಿದ್ದ ಮಕ್ಕಳಿಗೂ ಬಾಯಿ ಹುಣ್ಣಾದವರಿಗೂ ಹಚ್ಚುವುದಿಲ್ಲ.

ಕಷ್ಟ ಇರುವುದು ಹೊತ್ತು ಹೊಂದಿಸುವುದರಲ್ಲಿ. ಹಚ್ಚಿದ ಮೇಲೆ ಕೆಲವು ಗಂಟೆ ಬಿಸಿ, ಗಟ್ಟಿ ಪದಾರ್ಥ ತಿನ್ನಬಾರದು, ಆ ದಿನ ಹಲ್ಲುಜ್ಜಬಾರದು. ಬೆಳಿಗ್ಗೆ ಹಚ್ಚಿದರೆ ಶಾಲೆಯ ಬಿಸಿ ಹಾಲು, ಆಮೇಲೆ ಬಿಸಿಯೂಟದ ಸಾಂಬಾರು, ಎರಡೂ ಅದರ ಮೇಲೇ ಹರಿಯುತ್ತವೆ. ಅದಕ್ಕೆ ನಮ್ಮ ಕ್ರಮ ಹೀಗೆ: ಬೆಳಗಿನ ಹೊತ್ತೆಲ್ಲ ದವಡೆ ಹಲ್ಲಿನ ಗೀರುಗಳನ್ನು ಮುಚ್ಚುವ ಸೀಲಂಟ್, ಊಟವಾಗಿ, ತಟ್ಟೆ ತೊಳೆದು, ಬಾಯಿ ಮುಕ್ಕಳಿಸಿ ಬಂದ ಮಕ್ಕಳಿಗೆ ವಾರ್ನಿಶ್. ಈ ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ. ವಾರ್ನಿಶ್ ಮೆತ್ತಿದ ಹಲ್ಲಿನ ಮೇಲೆ ಸೀಲಂಟ್ ಹಿಡಿಯುವುದಿಲ್ಲ, ಹಾಗಾಗಿ ಒಂದೇ ದಿನ ಎರಡೂ ಆಗಬೇಕಾದರೆ ಸೀಲಂಟೇ ಮೊದಲು. ಹಲ್ಲು ಎರಡು ದಿನ ಹಳದಿಯಾಗಿ ಕಾಣುತ್ತದೆ ಅಂತ ಮನೆಗೆ ಕಳಿಸುವ ಚೀಟಿಯಲ್ಲಿ ಬರೆಯದಿದ್ದರೆ ಮರುದಿನ ಹೆಡ್‌ಮಾಸ್ಟರ್ ಫೋನ್ ಪುರುಸೊತ್ತಿಲ್ಲದೆ ಬಡಿದುಕೊಳ್ಳುತ್ತದೆ.

ಸೀಲಂಟ್ ಮಾತ್ರ ಎಲ್ಲ ಹಲ್ಲಿಗೂ ಅಲ್ಲ. ನಾವು ನೋಡುವುದು ಆರು, ಏಳನೇ ವಯಸ್ಸಿನಲ್ಲಿ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲುಗಳನ್ನು. ಇವುಗಳ ದುರಾದೃಷ್ಟ ಏನೆಂದರೆ, ಯಾವ ಹಲ್ಲೂ ಬೀಳದೆ ಹಾಲು ಹಲ್ಲುಗಳ ಹಿಂದೆ ಸದ್ದಿಲ್ಲದೆ ಬಂದು ಕೂರುತ್ತವೆ. ‘ಅದು ಹಾಲು ಹಲ್ಲು ಅಲ್ವಾ ಡಾಕ್ಟ್ರೇ, ಬಿದ್ದು ಹೋಗ್ತದೆ’ ಎಂಬ ಮಾತನ್ನು ನಾನು ಕೇಳದ ಶಾಲೆಯಿಲ್ಲ. ಅದರ ಮೇಲ್ಭಾಗದ ಗೀರುಗಳು ಬ್ರಷ್‌ನ ಒಂದೇ ಒಂದು ಎಳೆಯೂ ಇಳಿಯದಷ್ಟು ಕಿರಿದು. ಮಕ್ಕಳ ಶಾಶ್ವತ ಹಲ್ಲಿನ ಹುಳುಕು ಹೆಚ್ಚಾಗಿ ಅಲ್ಲೇ ಶುರುವಾಗುತ್ತದೆ, ಮತ್ತು ಫ್ಲೋರೈಡ್ ನಯವಾದ ಬದಿಗಳನ್ನು ಕಾಪಾಡಿದಷ್ಟು ಚೆನ್ನಾಗಿ ಆ ಗೀರುಗಳನ್ನು ಕಾಪಾಡಲಾರದು.

ಎರಡನೇ ತರಗತಿಯ ಒಬ್ಬ ಹುಡುಗಿಯ ಬಾಯಿ ಹೇಳುತ್ತೇನೆ, ಅಲ್ಲಿ ಎಲ್ಲ ಬಗೆಯೂ ಒಟ್ಟಿಗೇ ಸಿಕ್ಕಿತು. ಮೇಲಿನ ಎರಡು ದವಡೆ ಹಲ್ಲು ಪೂರ್ತಿ ಹುಟ್ಟಿದ್ದವು, ಗೀರು ಆಳ, ಹುಳುಕಿಲ್ಲ. ಕೆಳಗಿನ ಎಡಗಡೆಯದ್ದು ಅರ್ಧ ಮಾತ್ರ ಹೊರಬಂದು, ಹಿಂಭಾಗದ ಮೇಲೆ ವಸಡಿನ ಪದರ ಮುಚ್ಚಿಕೊಂಡಿತ್ತು. ಕೆಳಗಿನ ಬಲಗಡೆಯದ್ದರ ಗೀರಿನ ಅಂಚು ಸುಣ್ಣದ ಹಾಗೆ ಬೆಳ್ಳಗಾಗಿತ್ತು, ಆದರೆ ಗುಂಡಿ ಬಿದ್ದಿರಲಿಲ್ಲ.

ಮೇಲಿನ ಎರಡಕ್ಕೆ ರೆಸಿನ್ ಸೀಲಂಟ್. ಗೀರನ್ನು ಬ್ರಷ್‌ನಿಂದ ತೊಳೆದು, 37 ಶೇಕಡಾ ಫಾಸ್ಫಾರಿಕ್ ಆಸಿಡ್ ಜೆಲ್ಲನ್ನು ಇಪ್ಪತ್ತು, ಮೂವತ್ತು ಸೆಕೆಂಡ್ ಇಟ್ಟು, ನೀರು ಹಾಯಿಸಿ ತೊಳೆದು, ಕಾಟನ್ ರೋಲ್ ಬದಲಾಯಿಸಿ ಗಾಳಿಯಿಂದ ಒಣಗಿಸಬೇಕು. ಎನಾಮೆಲ್ ಮಂಕು ಬಿಳಿಯಾದರೆ ಮಾತ್ರ ಮುಂದಿನ ಹೆಜ್ಜೆ. ಆ ಬಿಳುಪಿನ ಮೇಲೆ ಜೊಲ್ಲು ಒಮ್ಮೆ ತಾಗಿದರೂ ಕೆಲಸ ಕೆಟ್ಟಿತು, ಮತ್ತೆ ಆಸಿಡ್‌ನಿಂದಲೇ ಆರಂಭ. ಕರೆಂಟ್ ಹೋದರೆ ಗಾಳಿಯೂ ನಿಲ್ಲುತ್ತದೆ. ಅದಕ್ಕೇ ಕೈಯಲ್ಲಿ ಒತ್ತುವ ರಬ್ಬರ್ ಊದುಗವೊಂದು ಚೀಲದಲ್ಲಿ ಇದ್ದೇ ಇರುತ್ತದೆ. ಸೀಲಂಟನ್ನು ಗೀರಿನಲ್ಲಿ ಹರಿಸಿ, ಗುಳ್ಳೆ ಇಲ್ಲವೆಂದು ನೋಡಿ, ಇಪ್ಪತ್ತು ಸೆಕೆಂಡ್ ನೀಲಿ ಬೆಳಕು ಹಿಡಿಯುತ್ತೇವೆ. ಆಮೇಲೆ ಎಕ್ಸ್‌ಪ್ಲೋರರ್ ಎಂಬ ಚೂಪು ಉಪಕರಣದ ತುದಿಯಿಂದ ಅಂಚನ್ನು ಎಬ್ಬಿಸಲು ಬೇಕೆಂದೇ ಪ್ರಯತ್ನಿಸುತ್ತೇನೆ. ಏಳುವುದಾದರೆ ನನ್ನ ಎದುರೇ ಏಳಲಿ, ಮನೆಗೆ ಹೋಗಿ ಬೀಳುವುದು ಬೇಡ.

ಕೆಳಗಿನ ಎಡಗಡೆಯ ಅರ್ಧ ಹಲ್ಲಿಗೆ ಈ ವಿಧಾನ ನಡೆಯುವುದಿಲ್ಲ. ವಸಡಿನ ಪದರದ ಅಡಿಯಿಂದ ತೇವ ಬರುತ್ತಲೇ ಇರುತ್ತದೆ. ಹಾಗೆಂದು ಪೂರ್ತಿ ಹುಟ್ಟಲಿ ಅಂತ ಕಾದರೆ, ಹಲ್ಲು ಅತಿ ಸುಲಭವಾಗಿ ಹುಳುಕಾಗುವ ಕಾಲವೇ ಕಳೆದುಹೋಗುತ್ತದೆ: ಎದುರಿನ ಹಲ್ಲು ಇನ್ನೂ ತಾಗುವುದಿಲ್ಲ, ಮಟ್ಟ ತಗ್ಗಿರುವುದರಿಂದ ಬ್ರಷ್ ಅದರ ಮೇಲಿಂದಲೇ ಹಾರಿಹೋಗುತ್ತದೆ. ಇಂಥ ಕಡೆ ನಾನು ಸ್ವಲ್ಪ ತೇವವಿದ್ದರೂ ಹಲ್ಲಿಗೆ ಹಿಡಿಯುವ, ಪುಡಿ ಮತ್ತು ದ್ರವ ಕಲಸಿ ಹಾಕುವ ಗ್ಲಾಸ್ ಅಯೊನೊಮರ್ ಬಳಸುತ್ತೇನೆ. ಅದರದೇ ದ್ರವದಲ್ಲಿ ಅದ್ದಿದ ಹತ್ತಿಯಿಂದ ಗೀರನ್ನು ಹತ್ತು ಹದಿನೈದು ಸೆಕೆಂಡ್ ಉಜ್ಜಿ, ಒದ್ದೆ ಹತ್ತಿಯಿಂದ ಎರಡು ಮೂರು ಸಲ ಒರೆಸಿ, ಒಣ ಹತ್ತಿ ಒತ್ತಿ ತೆಗೆಯಬೇಕು. ಇಲ್ಲಿ ಗಾಳಿ ಊದಿ ಪೂರಾ ಒಣಗಿಸಬಾರದು. ಒಂದು ಚಮಚ ಪುಡಿಗೆ ಒಂದು ಹನಿ ದ್ರವ, ಅರ್ಧ ನಿಮಿಷದೊಳಗೆ ಕಲಸಿ, ಮಿಶ್ರಣದ ಹೊಳಪು ಇರುವಾಗಲೇ ಗೀರಿಗೆ ಹಾಕಿ, ವ್ಯಾಸಲಿನ್ ಸವರಿದ ಗ್ಲೌಸಿನ ಬೆರಳಿಂದ ಗಟ್ಟಿಯಾಗಿ ಒತ್ತಿ ಹಿಡಿಯುತ್ತೇವೆ. ಬೆರಳನ್ನು ಮೇಲಕ್ಕೆ ಎತ್ತದೆ ಪಕ್ಕಕ್ಕೆ ಜಾರಿಸಿ ತೆಗೆಯಬೇಕು, ಇಲ್ಲದಿದ್ದರೆ ಹಾಕಿದ್ದೆಲ್ಲ ಬೆರಳಿಗೇ ಬರುತ್ತದೆ. ಕರಾವಳಿಯ ಸೆಕೆಯಲ್ಲಿ ಈ ಮಿಶ್ರಣ ಬೇಗ ಸೆಟ್ ಆಗುತ್ತದೆ. ಹೊಳಪು ಹೋದದ್ದನ್ನು ದುಬಾರಿ ಎಂದು ಬಳಸಿದರೆ ಅದು ಹಲ್ಲಿಗೆ ಅಂಟುವುದೇ ಇಲ್ಲ. ಒಂದು ಗಂಟೆ ಏನೂ ತಿನ್ನಬಾರದು, ಹಾಗಾಗಿ ಇಂಥ ಮಕ್ಕಳನ್ನು ಊಟದ ಗಂಟೆಗೆ ತುಂಬ ಮೊದಲೇ ಕರೆಯುತ್ತೇವೆ.

ಬಲಗಡೆಯ ಬಿಳಿ ಅಂಚಿನ ಹಲ್ಲಿನ ಬಗ್ಗೆ ಜೊತೆಗಿದ್ದ ಹೌಸ್ ಸರ್ಜನ್‌ಗೆ ಅನುಮಾನ: ಹುಳುಕಿನ ಮೇಲೆ ಮುಚ್ಚಿದರೆ ಒಳಗೇ ಬೆಳೆಯುವುದಿಲ್ಲವೇ ಸರ್? ಎನಾಮೆಲ್ ಒಡೆಯದ ಆರಂಭದ ಹುಳುಕನ್ನು ಬಿಗಿಯಾಗಿ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾಗೆ ಸಕ್ಕರೆ ಸಿಗದೆ ಅದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅದನ್ನೂ ರೆಸಿನ್‌ನಿಂದ ಮುಚ್ಚಿದೆವು. ಗುಂಡಿ ಬಿದ್ದಿದ್ದರೆ ಮಾತು ಬೇರೆ. ಅದಕ್ಕೆ ಬೇಕಾದ್ದು ಫಿಲ್ಲಿಂಗ್.

ಆರು ತಿಂಗಳ ನಂತರ ಎರಡನೇ ಸುತ್ತಿನ ವಾರ್ನಿಶ್‌ಗೆ ಹೋದಾಗ ರೆಸಿನ್ ಮೂರೂ ಗಟ್ಟಿಯಾಗಿದ್ದವು. ಗ್ಲಾಸ್ ಅಯೊನೊಮರ್ ಅರ್ಧ ಸವೆದಿತ್ತು. ಹೌಸ್ ಸರ್ಜನ್ ಮುಖ ಸಣ್ಣದಾಯಿತು, ನನಗೆ ಬೇಸರವಾಗಲಿಲ್ಲ. ಕಣ್ಣಿಗೆ ಹೋದಂತೆ ಕಂಡರೂ ಗೀರಿನ ತಳದಲ್ಲಿ ಅದು ಉಳಿದಿರುತ್ತದೆ. ಅಷ್ಟರಲ್ಲಿ ಹಲ್ಲು ಪೂರ್ತಿ ಹುಟ್ಟಿ, ವಸಡಿನ ಪದರ ಹಿಂದೆ ಸರಿದಿತ್ತು. ಅದರ ಮೇಲೆ ರೆಸಿನ್ ಹಾಕಲು ಈಗ ಜಾಗ ಒಣ. ಅರ್ಧ ಬಿದ್ದ ಸೀಲಂಟ್‌ನಿಂದ ಹಲ್ಲು ಮೊದಲಿಗಿಂತ ಹೆಚ್ಚು ಕೆಡುತ್ತದೆ ಎಂಬ ಹೆದರಿಕೆಗೂ ಆಧಾರ ಸಿಕ್ಕಿಲ್ಲ. ಕೆಟ್ಟರೆ ಸೀಲಂಟ್ ಹಾಕದ ಹಲ್ಲಿನಷ್ಟೇ.

ಎರಡರಲ್ಲಿ ಒಂದೇ ಮಾಡಲು ಸಾಧ್ಯವಿದ್ದರೆ ಯಾವುದು ಎಂದು ಕೇಳುವವರಿದ್ದಾರೆ. ನೀರಿಗೆ ಫ್ಲೋರೈಡ್ ಸೇರಿಸದ ದಕ್ಷಿಣ ವೇಲ್ಸ್‌ನಲ್ಲಿ ಆರೇಳು ವರ್ಷದ ಸಾವಿರ ಚಿಲ್ಲರೆ ಮಕ್ಕಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಕೊನೆಗೆ ಆಳದ ಹುಳುಕು ಸೀಲಂಟ್ ಗುಂಪಿನಲ್ಲಿ ಶೇ. 19.6, ಆರು ತಿಂಗಳಿಗೊಮ್ಮೆ ವಾರ್ನಿಶ್ ಪಡೆದವರಲ್ಲಿ ಶೇ. 17.5 ಮಕ್ಕಳಿಗೆ ಬಂದಿತ್ತು. ಗಣನೀಯ ವ್ಯತ್ಯಾಸವಿಲ್ಲ, ವಾರ್ನಿಶ್ ಅಗ್ಗ. ನನಗೂ ಹೆಚ್ಚುಕಡಿಮೆ ಹಾಗೇ ಅನ್ನಿಸುತ್ತದೆ, ಒಂದು ಷರತ್ತಿನ ಮೇಲೆ: ಆರು ತಿಂಗಳಿಗೊಮ್ಮೆ ತಪ್ಪದೆ ಹೋಗುವುದಾದರೆ. ಜುಲೈ ಮಳೆಗೆ ರಜೆ ಘೋಷಣೆಯಾಗಿ, ಸೇತುವೆ ಮೇಲೆ ನೀರು ಬಂದು ಸುತ್ತು ತಪ್ಪುವ ಶಾಲೆಗಳಲ್ಲಿ ನಾನು ಸೀಲಂಟ್‌ಗೇ ಹೆಚ್ಚು ಹೊತ್ತು ಕೊಡುತ್ತೇನೆ.

ಅಡಿಕೆ ತೋಟ, ರಬ್ಬರ್ ತೋಟಗಳಿಗೆ ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಕ್ಕಳು ಈಗ ಈ ಶಾಲೆಗಳಲ್ಲಿದ್ದಾರೆ. ಕೆಲವರ ಹಲ್ಲಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ಕಲೆ, ಅಂದರೆ ಫ್ಲೋರೋಸಿಸ್ ಇದೆ. ಎಡಬಲ ಒಂದೇ ಥರ, ಹಲ್ಲಿಗೆ ಅಡ್ಡಲಾಗಿ ಮೋಡದಂಥ ಗೆರೆ ಇದ್ದರೆ ಅದು ಫ್ಲೋರೋಸಿಸ್. ವಸಡಿನ ಅಂಚಿಗೆ, ಕೊಳೆ ಕೂರುವಲ್ಲಿ, ಒರಟಾದ ಬಿಳಿ ಮಚ್ಚೆ ಇದ್ದರೆ ಹುಳುಕಿನ ಆರಂಭ. ಫ್ಲೋರೋಸಿಸ್ ಹಲ್ಲಿನ ಎನಾಮೆಲ್‌ಗೆ ಆಸಿಡ್ ಅಷ್ಟು ಸುಲಭವಾಗಿ ಹತ್ತುವುದಿಲ್ಲ, ಮಂಕು ಬಿಳುಪು ಬರುವ ತನಕ ಸ್ವಲ್ಪ ಹೆಚ್ಚು ಹೊತ್ತು ಇಡಬೇಕಾಗುತ್ತದೆ.

ಸದ್ಯ ನಮ್ಮನ್ನು ಕಾಡುತ್ತಿರುವುದು ಏಳನೇ ತರಗತಿ. ಎರಡನೇ ಶಾಶ್ವತ ದವಡೆ ಹಲ್ಲು ಹುಟ್ಟುವುದು ಹನ್ನೊಂದರಿಂದ ಹದಿಮೂರನೇ ವಯಸ್ಸಿನಲ್ಲಿ, ಅದೇ ಹೊತ್ತಿಗೆ ಮಕ್ಕಳು ಹಿರಿಯ ಪ್ರಾಥಮಿಕ ಶಾಲೆ ಬಿಟ್ಟು ಬೇರೆ ಬೇರೆ ಹೈಸ್ಕೂಲ್‌ಗಳಿಗೆ ಚದುರಿಹೋಗುತ್ತಾರೆ. ಅದಕ್ಕೆ ಜನವರಿಯ ಸುತ್ತಿನಲ್ಲಿ ಏಳನೆಯವರನ್ನೇ ಮೊದಲು ಕೂರಿಸುತ್ತೇವೆ. ಅರ್ಧ ಹುಟ್ಟಿದ್ದಕ್ಕೆ ಗ್ಲಾಸ್ ಅಯೊನೊಮರ್ ಹಾಕಿ, ಯಾವ ಹಲ್ಲಿಗೆ ಏನು ಹಾಕಿದೆ, ಮುಂದೆ ಏನಾಗಬೇಕು ಎಂದು ಒಂದು ಕಾರ್ಡಿನಲ್ಲಿ ಬರೆದು, ವರ್ಗಾವಣೆ ಪತ್ರದ ಜೊತೆ ಪಿನ್ ಮಾಡಲು ಹೆಡ್‌ಮಾಸ್ಟರ್ ಕೈಗೆ ಕೊಡುತ್ತೇವೆ.