ಕ್ವಾಡ್‌ರೋಟರ್ ಪ್ರಾಜೆಕ್ಟಿಗೆ ಮಾರ್ಗದರ್ಶನ ಕೋರಿ ಬರೆದ ಪತ್ರ

ಬಿ.ಇ. ಕೊನೆಯ ವರ್ಷದಲ್ಲಿ, ಕಂಟ್ರೋಲ್ ಸಿಸ್ಟಮ್ಸ್ ಕಲಿಸುವ ಪ್ರಾಧ್ಯಾಪಕರಿಗೆ ಪತ್ರ ಬರೆಯಲು ಕುಳಿತಾಗ, ‘ಡ್ರೋನ್ ಹಾರಿಸುತ್ತೇವೆ’ ಎಂದು ಮಾತ್ರ ಬರೆಯಬಾರದೆಂದು ನಿರ್ಧರಿಸಿದ್ದೆ. ನಮ್ಮ ಪ್ರಾಜೆಕ್ಟು ಕ್ವಾಡ್‌ರೋಟರ್, ಅಂದರೆ ನಾಲ್ಕು ಪ್ರೊಪೆಲ್ಲರುಗಳ ಡ್ರೋನ್. ಹಾರುವ ಡ್ರೋನ್ ಅಂಗಡಿಯಲ್ಲೇ ಸಿಗುತ್ತದೆ. ಅವರ ಸಮಯ ಕೇಳಬೇಕಾದರೆ ಅವರ ವಿಷಯಕ್ಕೆ ಸೇರಿದ ಪ್ರಶ್ನೆಯೊಂದು ಕೈಯಲ್ಲಿರಬೇಕು.

ಅದಕ್ಕಾಗಿ ಮೊದಲು ಸಣ್ಣ ಪ್ರಯೋಗವೊಂದನ್ನು ಮಾಡಿದೆ. ಅಲ್ಯೂಮಿನಿಯಂ ಪಟ್ಟಿಯ ಎರಡು ತುದಿಗಳಿಗೆ ಪ್ರೊಪೆಲ್ಲರ್ ಇರುವ ಮೋಟಾರು, ನಡುವೆ ಬೇರಿಂಗ್, ಅದರ ಬಳಿಯೇ ವಾಲುವಿಕೆಯನ್ನೂ ತಿರುಗುವ ವೇಗವನ್ನೂ ತಿಳಿಯಲು MPU-6050 ಸಂವೇದಕ. ಪಟ್ಟಿ ಒಂದೇ ಅಕ್ಷದಲ್ಲಿ, ರೋಲ್ ದಿಕ್ಕಿನಲ್ಲಿ, ಅಂದರೆ ಎಡಕ್ಕೆ ಬಲಕ್ಕೆ ಮಾತ್ರ ವಾಲಬಲ್ಲದು. ಅದನ್ನು ಸಮತಲದಲ್ಲಿಡಲು ಒಂದರೊಳಗೊಂದು ಎರಡು ನಿಯಂತ್ರಣ ಲೂಪುಗಳು. ಕೋನದ ತಪ್ಪನ್ನು ನೋಡುವ ಹೊರಗಿನ ಲೂಪು ಎಷ್ಟು ವೇಗವಾಗಿ ತಿರುಗಬೇಕೆಂದು ಹೇಳುತ್ತದೆ. ಒಳಗಿನ ಲೂಪು ಸಂವೇದಕದಲ್ಲಿ ತಿರುಗುವ ವೇಗ ಅಳೆಯುವ ಜೈರೊಸ್ಕೋಪನ್ನು ನೋಡಿಕೊಂಡು ಆ ವೇಗವನ್ನು ಸಾಧಿಸುತ್ತದೆ. ಒಳಗಿನ ಲೂಪಿನ ಗೇನ್, ಅಂದರೆ ತಪ್ಪಿಗೆ ಅದು ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕೆಂಬ ಗುಣಕವನ್ನು ಏರಿಸುತ್ತ ಹೋದಾಗ ಪಟ್ಟಿ ಸೆಕೆಂಡಿಗೆ ಸುಮಾರು ಐದು ಸಲ ಓಲಾಡತೊಡಗಿತು. ಗೇನ್ ಇಳಿಸಿದರೆ ಓಲಾಟ ನಿಲ್ಲುತ್ತಿತ್ತು, ಆದರೆ ಕೈಯಿಂದ ತಳ್ಳಿದ ಪಟ್ಟಿ ಸಮತಲಕ್ಕೆ ಮರಳಲು ಬಹಳ ಹೊತ್ತು ಹಿಡಿಯುತ್ತಿತ್ತು.

ಪತ್ರದ ತಿರುಳು ಈ ಓಲಾಟವೇ. ನಾನು ಬರೆದದ್ದು ಹೀಗೆ:

“ಮಾನ್ಯರೇ, ಪ್ರೊಪೆಲ್ಲರಿನ ಕಂಪನವನ್ನು ತಡೆಯಲು ಸಂವೇದಕದ ಒಳಗಿನ ಫಿಲ್ಟರನ್ನು 5 ಹರ್ಟ್ಸ್‌ಗೆ ಇಟ್ಟಿದ್ದೇನೆ. ದತ್ತಾಂಶ ಪತ್ರದ ಪ್ರಕಾರ ಆಗ ಜೈರೊಸ್ಕೋಪಿನ ವಿಳಂಬ 18.6 ಮಿಲಿಸೆಕೆಂಡು. ಓಲಾಟದ ಆವರ್ತ ಅವಧಿ 200 ಮಿಲಿಸೆಕೆಂಡು ಇರುವುದರಿಂದ ಇದೊಂದೇ ಸುಮಾರು 33 ಡಿಗ್ರಿ ಫೇಸ್ ಹಿನ್ನಡೆ ತರುತ್ತದೆ. 42 ಹರ್ಟ್ಸ್‌ಗೆ ಏರಿಸಿದರೆ ವಿಳಂಬ 4.8 ಮಿಲಿಸೆಕೆಂಡಿಗೆ, ಹಿನ್ನಡೆ ಸುಮಾರು 9 ಡಿಗ್ರಿಗೆ ಇಳಿಯುತ್ತದೆ; ಓಲಾಟವೂ ನಿಲ್ಲುತ್ತದೆ. ಆದರೆ ಕಂಪನ ಒಳಬಂದು ಮೋಟಾರುಗಳು ಕರಕರ ಸದ್ದು ಮಾಡುತ್ತವೆ. ಕಂಪನ, ವಿಳಂಬ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಫಿಲ್ಟರನ್ನೂ ಗೇನನ್ನೂ ಒಟ್ಟಿಗೆ ಆರಿಸುವ ಕ್ರಮವನ್ನು ನಿಮ್ಮ ಮಾರ್ಗದರ್ಶನದಲ್ಲಿ ಕಲಿಯಬೇಕೆಂದಿದ್ದೇನೆ.”

ಜತೆಗೆ ಎರಡೂ ಸ್ಥಿತಿಗಳ ನಕ್ಷೆಯನ್ನು ಲಗತ್ತಿಸಿದೆ. ಪ್ರಯೋಗದ ಮಿತಿಯನ್ನೂ ಮುಚ್ಚಿಡಲಿಲ್ಲ. ಪಟ್ಟಿಯ ಗುರುತ್ವ ಕೇಂದ್ರ ಬೇರಿಂಗಿಗಿಂತ ಕೆಳಗಿದ್ದರೆ ಅದು ಲೋಲಕದಂತೆ ತಾನಾಗಿಯೇ ಸಮತಲಕ್ಕೆ ಮರಳುತ್ತದೆ, ಬೇರಿಂಗಿನ ಘರ್ಷಣೆ ಓಲಾಟವನ್ನು ತಗ್ಗಿಸುತ್ತದೆ. ಗಾಳಿಯಲ್ಲಿ ಈ ಎರಡೂ ಆಸರೆ ಇಲ್ಲ. ಹಾಗಾಗಿ ಇಲ್ಲಿ ಸಿಕ್ಕ ಗೇನ್ ಅಲ್ಲಿಗೆ ಹಾಗೆಯೇ ಹೊಂದುವುದಿಲ್ಲ ಎಂದು ಬರೆದೆ. ರೋಲ್ ಮತ್ತು ಹಿಂದೆ ಮುಂದೆ ವಾಲುವ ಪಿಚ್ ಮಾತ್ರ ನಮ್ಮ ಗುರಿ, ಜಿಪಿಎಸ್ ಆಗಲಿ ಒಂದೇ ಜಾಗದಲ್ಲಿ ನಿಲ್ಲಿಸುವುದಾಗಲಿ ಇಲ್ಲ ಎಂದೂ ಸ್ಪಷ್ಟಪಡಿಸಿದೆ. ಎಲ್ಲವನ್ನೂ ಮಾಡುತ್ತೇವೆನ್ನುವ ಪ್ರಸ್ತಾವದಲ್ಲಿ ಮಾರ್ಗದರ್ಶಕರಿಗೆ ಹಿಡಿದು ತಿದ್ದಲು ಏನೂ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅವರು ಒಪ್ಪಿದರು. ಕರೆದು ಮೊದಲು ಕೇಳಿದ್ದು ಮೋಟಾರಿನ ವಿಳಂಬವನ್ನು. ಆದೇಶ ಬದಲಾದ ಕ್ಷಣದಿಂದ ವೇಗ ತನ್ನ ಒಟ್ಟು ಬದಲಾವಣೆಯ 63 ಶೇಕಡಾ ತಲುಪುವವರೆಗಿನ ಸಮಯ ಅದು. ಫಿಲ್ಟರಿನದಕ್ಕಿಂತ ಅದೇ ದೊಡ್ಡದಿದ್ದರೆ ಫಿಲ್ಟರ್ ತಿದ್ದಿ ಸಿಗುವ ಲಾಭ ಸ್ವಲ್ಪವೇ ಎಂದರು. ಪ್ರಯೋಗಾಲಯದ ಆಸಿಲೋಸ್ಕೋಪಿನಲ್ಲಿ ಅದನ್ನು ಅಳೆಯುವುದೇ ನಮ್ಮ ಮೊದಲ ಕೆಲಸವಾಯಿತು.