ಲೋಲಕದ ಪ್ರಯೋಗ: ತಪ್ಪು ಎಲ್ಲಾಯಿತು ಅಂತ ಕೋಷ್ಟಕವೇ ಹೇಳುತ್ತದೆ

ಪಿಯುಸಿ ಲ್ಯಾಬಿನಲ್ಲಿ g ಬೆಲೆ 9.8 ಬರಲಿಲ್ಲ ಅಂದರೆ ಹುಡುಗರು ಮೊದಲು ಹುಡುಕುವುದು ರಬ್ಬರ್. ರೀಡಿಂಗ್ ಅಳಿಸುವ ಮುಂಚೆ ಕೋಷ್ಟಕದ ಕೊನೆಯ ಕಾಲಂ ನೋಡಿ. ತಪ್ಪಿನ ಗುರುತು ಅಲ್ಲೇ ಇರುತ್ತದೆ.

ಉದ್ದೇಶ: ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ g ಕಂಡುಹಿಡಿಯುವುದು.

ಉಪಕರಣಗಳು: ಸ್ಟ್ಯಾಂಡ್, ಸೀಳಿದ ಕಾರ್ಕ್, ದಾರ, ಲೋಹದ ಗುಂಡು, ಮೀಟರ್ ಸ್ಕೇಲ್, ವರ್ನಿಯರ್ ಕ್ಯಾಲಿಪರ್ಸ್, ಸ್ಟಾಪ್‌ವಾಚ್.

ವಿಧಾನ: ಮೊದಲು ಕ್ಯಾಲಿಪರ್ಸ್‌ನಿಂದ ಗುಂಡಿನ ವ್ಯಾಸ ಅಳೆಯಿರಿ. ನಮ್ಮ ಗುಂಡಿಗೆ 2 ಸೆಂ.ಮೀ. ಇದೆ ಅನ್ನೋಣ, ಅಂದರೆ ತ್ರಿಜ್ಯ 1. ದಾರವನ್ನು ಕಾರ್ಕಿನ ಸೀಳಿನಲ್ಲಿ ಬಿಗಿಯಾಗಿ ಹಿಡಿಸಿ. ಕಾರ್ಕಿನ ಕೆಳ ಅಂಚಿನಿಂದ ಗುಂಡಿನ ಮೇಲ್ತುದಿವರೆಗೆ 59 ಸೆಂ.ಮೀ. ಇದ್ದರೆ, ತ್ರಿಜ್ಯ ಕೂಡಿಸಿ ಲೋಲಕದ ಉದ್ದ L ಆಗುವುದು 60. ಗುಂಡನ್ನು ಸ್ವಲ್ಪವೇ ಪಕ್ಕಕ್ಕೆ ಎಳೆದು, ತಳ್ಳದೆ ಸುಮ್ನೆ ಬಿಡಿ. ಒಂದೆರಡು ಸಲ ಓಲಾಡಿದ ಮೇಲೆ, ಅದು ನಡುವಿನ ಗೆರೆ ದಾಟುವಾಗ ವಾಚ್ ಒತ್ತಿ. ಮತ್ತೆ ಅದೇ ದಿಕ್ಕಿನಲ್ಲಿ ದಾಟಿದಾಗ ಒಂದು ಆಂದೋಲನ. ಹೀಗೆ 20 ಎಣಿಸಿ, ಬಂದ ಸಮಯವನ್ನು 20ರಿಂದ ಭಾಗಿಸಿದರೆ ಒಂದು ಆಂದೋಲನದ ಸಮಯ T. ಇದನ್ನೇ 80, 100 ಸೆಂ.ಮೀ.ಗೂ ಮಾಡಿ.

ವೀಕ್ಷಣಾ ಕೋಷ್ಟಕ

| L (ಸೆಂ.ಮೀ.) | 20 ಆಂದೋಲನಕ್ಕೆ ಸಮಯ (ಸೆ.) | T (ಸೆ.) | T² | L/T² |
|---|---|---|---|---|
| 60 | 31.1 | 1.555 | 2.418 | 24.81 |
| 80 | 35.9 | 1.795 | 3.222 | 24.83 |
| 100 | 40.1 | 2.005 | 4.020 | 24.88 |

ಲೆಕ್ಕ: L/T² ಸರಾಸರಿ 24.84.

g = 4π² × L/T² = 39.48 × 24.84 ≈ 981 ಸೆಂ.ಮೀ./ಸೆ², ಅಂದರೆ 9.81 ಮೀ./ಸೆ².

ಈಗ ತಪ್ಪು ಹಿಡಿಯುವ ವಿಷಯ. ವಾಚ್ ಒತ್ತುವಾಗಲೇ "ಒಂದು" ಅಂದರೆ, "ಇಪ್ಪತ್ತು" ಅನ್ನುವ ಹೊತ್ತಿಗೆ ಆಗಿರುವುದು 19 ಆಂದೋಲನ ಮಾತ್ರ. 100 ಸೆಂ.ಮೀ.ಗೆ 40.1ರ ಬದಲು 38.1 ಸೆಕೆಂಡ್ ಬರುತ್ತದೆ, g ಸುಮಾರು 10.9ಕ್ಕೆ ಏರುತ್ತದೆ. ಮೂರೂ ಸಾಲಿನಲ್ಲಿ ಹಾಗೇ ಎಣಿಸಿದ್ದರೆ ಕೊನೆಯ ಕಾಲಂ ಒಂದೇ ಸಮನಾಗಿ ಕಾಣುತ್ತದೆ, ಆದರೆ ಎಲ್ಲ ಸಂಖ್ಯೆಗಳೂ ಜಾಸ್ತಿ. ಲ್ಯಾಬಿನಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ.

ತ್ರಿಜ್ಯ ಕೂಡಿಸಲು ಮರೆತರೆ ಗುರುತು ಬೇರೆ. ಮೊದಲ ಸಾಲಿನಲ್ಲಿ 59/2.418, ಅಂದರೆ 24.40. ಕೊನೆಯದರಲ್ಲಿ 99/4.020, ಅಂದರೆ 24.63. ದಾರ ಉದ್ದವಾದಂತೆ ಸಂಖ್ಯೆ ಮೆಲ್ಲಗೆ ಏರುತ್ತದೆ. ಒಂದು ಸೆಂಟಿಮೀಟರ್ ಕೊರತೆ ಗಿಡ್ಡ ದಾರಕ್ಕೇ ಹೆಚ್ಚು ತಟ್ಟುತ್ತದೆ, ಅಲ್ವಾ?

9.81ರ ಬದಲು 9.77 ಬಂದರೆ ಮಾತ್ರ ಏನೂ ತಿದ್ದಬೇಡಿ. 40 ಸೆಕೆಂಡಿನಲ್ಲಿ ಬೆರಳು 0.1 ಸೆಕೆಂಡ್ ತಡಮಾಡಿದರೂ g ಸುಮಾರು 0.05ರಷ್ಟು ಸರಿಯುತ್ತದೆ.

ಎಚ್ಚರಿಕೆಗಳು: ಫ್ಯಾನ್ ಆರಿಸಿ. ಕೋನ 5 ಡಿಗ್ರಿ ಮೀರದಿರಲಿ. ಒಂದು ಮೀಟರ್ ದಾರಕ್ಕೆ 8 ಸೆಂ.ಮೀ. ಎಳೆದರೆ ಸಾಕು. ಗುಂಡು ವೃತ್ತಾಕಾರದಲ್ಲಿ ಸುತ್ತತೊಡಗಿದರೆ ನಿಲ್ಲಿಸಿ ಮತ್ತೆ ಬಿಡಿ. ವಾಚ್ ಒತ್ತುವಾಗ ಬಾಯಲ್ಲಿ "ಸೊನ್ನೆ" ಅನ್ನಿ.